ಬಲಗಾಲೋ ಎಡಗಾಲೋ

ಸುಳ್ಳು ಹೇಳುವವರಿಗೆ ನಾಲಿಗೆಗಿಂತ ಕಾಲಿನ ಮೇಲೆ ಹೆಚ್ಚು ಹಿಡಿತವಿರಬೇಕು. ನಾಲಿಗೆ ಹೇಗೋ ನಿಭಾಯಿಸುತ್ತದೆ, ಕಾಲು ಮಾತ್ರ ಮರೆತುಬಿಡುತ್ತದೆ. ಇದನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ. ನಿವೃತ್ತಿಯಾಗುವ ತನಕ ನಾನು ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ನನ್ನ ಪೀರಿಯಡ್ಡಿಗೇ ಹುಡುಗಿಯರಿಗೆ ಕಾಲುನೋವು, ಹೊಟ್ಟೆನೋವು ಬರುತ್ತಿದ್ದವು. "ಟೀಚರ್, ಕಾಲ್ ಭಾಳ ನೋಯಾಕತ್ತೈತ್ರಿ" ಎಂದು ಬಲಗಾಲು ಎಳೆಯುತ್ತ ಬೇವಿನ ಮರದ ಬುಡಕ್ಕೆ ಹೋಗಿ ಕೂತವಳು, ಊಟದ ಗಂಟೆ ಹೊಡೆದ ಕೂಡಲೇ ಎಡಗಾಲು ಕುಂಟುತ್ತ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಆಗ ನಾನು ಸೀಟಿ ಊದಿ ನಿಲ್ಲಿಸಿ, "ಯಾವ ಕಾಲವ್ವಾ ನೋವು?" ಎಂದು ಕೇಳುತ್ತಿದ್ದೆ. ಅವಳು ಎರಡೂ ಕಾಲುಗಳನ್ನು ನೋಡಿಕೊಂಡು ತಲೆ ಕೆರೆಯುತ್ತಿದ್ದಳು. ನನ್ನ ಹತ್ತಿರ ಎಲ್ಲ ರೋಗಕ್ಕೂ ಒಂದೇ ಔಷಧವಿತ್ತು: "ಎದ್ದು ಒಂದ್ ರೌಂಡ್ ಹೊಡಿ, ಎಲ್ಲಾ ಹೋಗ್ತೈತಿ!" ಮನೆಯಲ್ಲಿ ನನ್ನ ಮಗಳು ಸುಜಾತಾ ಜ್ವರ ಬಂದಾಗಲೂ ನನಗೆ ಹೇಳದೆ ಅವರಪ್ಪನಿಗೆ ಹೇಳುತ್ತಿದ್ದಳು. ಈ ಔಷಧದ ಹೆದರಿಕೆ, ಅಷ್ಟೇ.

ಅದೇ ಸುಜಾತಾ ಈಗ ಐರ್ಲೆಂಡಿನ ಡಬ್ಲಿನ್ನಿನಲ್ಲಿ ನರ್ಸು. ಔಷಧ ಕೊಡುವ ಕೆಲಸಕ್ಕೇ ಹೋಗಿದ್ದಾಳೆ ನೋಡಿ. ಅವಳ ಮಗಳು ಗೌರಿಗೆ ಆರು ವರ್ಷ. ಕೂಸಾಗಿದ್ದಾಗ ಒಂದು ಸಲ ಬಂದು ನನ್ನ ಮಡಿಲು ಒದ್ದೆ ಮಾಡಿ ಹೋಗಿದ್ದಳು. ಆಮೇಲೆ ಎಲ್ಲ ಕಂಪ್ಯೂಟರಿನಲ್ಲೇ. ಮೊಮ್ಮಗಳ ಮುಖ ನೋಡುವುದೆಂದರೆ ಅದು ಅರ್ಧ ಸಲ ನಿಂತುಹೋಗಿ, ಬಾಯಿ ತೆರೆದ ಭಂಗಿಯಲ್ಲೇ ಉಳಿದುಬಿಡುತ್ತಿತ್ತು. ಈ ಬೇಸಿಗೆಯಲ್ಲಿ ಒಂದು ದಿನ ಆ ಬಾಯಿ ಮಾತಾಡಿತು. ಅವಳ ಶಾಲೆಯಲ್ಲಿ ಸ್ಪೋರ್ಟ್ಸ್ ಡೇ ದಿನ ಅಜ್ಜ-ಅಜ್ಜಿಯರ ಓಟವೂ ಇರುತ್ತದಂತೆ. ಹೋದ ವರ್ಷ ಎಲ್ಲರ ಅಜ್ಜಿಯರು ಓಡುವಾಗ ಇವಳು ತನ್ನ ಟೀಚರ್ ಕೈ ಹಿಡಿದು ನಿಂತಿದ್ದಳಂತೆ. ಈ ಸಲ ಇಡೀ ಕ್ಲಾಸಿಗೆ ಡಂಗುರ ಸಾರಿದ್ದಾಳೆ: ನಮ್ಮಜ್ಜಿ ಪಿ.ಟಿ. ಟೀಚರ್, ಇಂಡಿಯಾದಿಂದ ಬರ್ತಾಳೆ, ನಿಮ್ಮೆಲ್ಲರ ಅಜ್ಜಿಯರನ್ನೂ ಸೋಲಿಸ್ತಾಳೆ. "ಅಜ್ಜಿ, ನೀ ಬರ್ತಿ ಹೌದಿಲ್ಲೋ?" ಎಂದಳು. ಬರುವುದಿಲ್ಲ ಅನ್ನಲು ನಾನೇನು ಕಲ್ಲೇ? ಅಲ್ಲಿಯವರೆಗೆ "ವಿಮಾನ ಗಿಮಾನ ನನ್ನಿಂದ ಆಗೂದಿಲ್ಲವಾ" ಎನ್ನುತ್ತಿದ್ದವಳು ಪಾಸ್‌ಪೋರ್ಟು, ವೀಸಾ ಎಂದು ಓಡಾಡಿದೆ. ಎಲ್ಲ ಕೈಗೆ ಬರುವಷ್ಟರಲ್ಲಿ ಸಿಕ್ಕಿದ ಟಿಕೆಟ್ಟು, ಸ್ಪೋರ್ಟ್ಸ್ ಡೇ ಹಿಂದಿನ ಸಂಜೆ ಡಬ್ಲಿನ್ ಮುಟ್ಟುವಂಥದ್ದು. ನಡುವೆ ಒಂದು ಗಲ್ಫ್ ಊರಿನಲ್ಲಿ ವಿಮಾನ ಬದಲಿಸಬೇಕು. ಅದು ತಪ್ಪಿತೋ, ಓಟವೂ ತಪ್ಪಿತು.

ಟಿಕೆಟ್ ತೆಗೆದುಕೊಟ್ಟವಳು ಮೇಘನಾ. ದಿಲ್‌ಸುಖ್‌ನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮೈಸೂರಿನ ಹುಡುಗಿ, ಹೈಟೆಕ್ ಸಿಟಿಯಲ್ಲಿ ಕೆಲಸ. ಅವಳ ಆಫೀಸಿನವರೆಲ್ಲ ವಿಮಾನವನ್ನು ಸಿಟಿ ಬಸ್ಸಿನ ಹಾಗೆ ಬಳಸುವವರು. ಅವಳು ಕಂಪ್ಯೂಟರಿನಲ್ಲಿ ಟಕಟಕ ಒತ್ತುತ್ತ, "ಆಂಟಿ, ವೀಲ್‌ಚೇರ್ ಹಾಕ್ಸಿಬಿಡ್ಲಾ?" ಎಂದಳು.

"ಯಾಕ? ನನ್ನ ಕಾಲಿಗೆ ಏನಾಗೇತಿ?"

"ಕಾಲಿಗೇನೂ ಆಗಿರಬೇಕಾಗಿಲ್ಲ ಆಂಟಿ. ವೀಲ್‌ಚೇರ್ ಅಂದ್ರೆ ಜೊತೆಗೊಬ್ರು ಬರ್ತಾರೆ. ಕೌಂಟರ್, ಇಮಿಗ್ರೇಷನ್, ಸೆಕ್ಯುರಿಟಿ ಎಲ್ಲಾ ಅವ್ರೇ ದಾಟಿಸಿ ಗೇಟಿಗೆ ಬಿಡ್ತಾರೆ. ನಮ್ ಟೀಮಲ್ಲಿ ಎಲ್ಲರ ಅಪ್ಪ-ಅಮ್ಮನೂ ಹೀಗೇ ಹೋಗೋದು. ದುಡ್ಡೂ ಇಲ್ಲ!"

ನನಗೆ ಕನ್ನಡ ಬರುತ್ತದೆ, ತೆಲುಗು ಬರುತ್ತದೆ, ತರಕಾರಿಯವನ ಹತ್ತಿರ ಜಗಳವಾಡುವಷ್ಟು ಉರ್ದುವೂ ಬರುತ್ತದೆ. ಇಂಗ್ಲಿಷು ಮಾತ್ರ ಅಟೆನ್ಶನ್, ಸ್ಟ್ಯಾಂಡ್ ಎಟ್ ಈಸ್, ರೈಟ್ ಟರ್ನ್, ಡಿಸ್ಪರ್ಸ್. ಇಷ್ಟರಲ್ಲಿ ಗಲ್ಫ್ ದಾಟುವುದು ಕಷ್ಟವೇ. ಅತ್ತ ಫೋನಿನಲ್ಲಿ ಸುಜಾತಾ, "ಅವ್ವಾ, ಸುಮ್ಮನ ಕುಂಡ್ರು. ದೊಡ್ಡಸ್ತಿಕೆ ಮಾಡಬ್ಯಾಡ" ಎಂದು ಗದರಿದಳು. ಮಗಳು ತಾಯಿಯನ್ನು ಗದರಿಸುವ ವಯಸ್ಸಿಗೆ ಬಂದಾಗ ತಾಯಿ ಗಾಲಿಕುರ್ಚಿಗೆ ಬಂದಳೆಂದೇ ಲೆಕ್ಕ. ಹೂಂ ಅಂದೆ. ಚೀಲ ಕಟ್ಟಿದೆ. ತುಪ್ಪ, ಪೇಢೆ ತರಬೇಡ, ಹಾಲಿನ ಸಾಮಾನು ಅಲ್ಲಿ ಒಳಗೆ ಬಿಡುವುದಿಲ್ಲ ಎಂದಿದ್ದಳು. ಹಾಗಾಗಿ ಶೇಂಗಾ ಹಿಂಡಿ, ಗರಿಗರಿಯಾದ ಕಟಕ ಸಜ್ಜಿ ರೊಟ್ಟಿ, ಗೌರಿಗೆಂದು ಒಂದು ಹೊಸ ಸೀಟಿ. ನನ್ನ ಹಳೇ ಸೀಟಿ ಎಂದಿನಂತೆ ನನ್ನ ಕೊರಳಲ್ಲೇ ಇತ್ತು.

ಶಂಶಾಬಾದ್ ಏರ್‌ಪೋರ್ಟಿನ ಬಾಗಿಲಲ್ಲಿ ಪೊಲೀಸಪ್ಪ ಟಿಕೆಟ್ಟಿನ ಪ್ರಿಂಟು, ಪಾಸ್‌ಪೋರ್ಟು ನೋಡಿ ನನ್ನೊಬ್ಬಳನ್ನೇ ಒಳಗೆ ಬಿಟ್ಟ. ಮೇಘನಾ ಗಾಜಿನಾಚೆಯಿಂದಲೇ ಕೈಬೀಸಿದಳು. ಕೌಂಟರು ಕಾಣುವ ತನಕ ಗಟ್ಟಿಯಾಗಿಯೇ ನಡೆದೆ. ಕಂಡ ಕೂಡಲೇ ನಾಚಿಕೆಯಾಯಿತು. ಇಷ್ಟು ಚೆನ್ನಾಗಿ ನಡೆಯುವವಳು ವೀಲ್‌ಚೇರ್ ಕೇಳುವುದು ಹೇಗೆ? ಅಲ್ಲಿಂದ ಬಲಗಾಲು ಎಳೆಯತೊಡಗಿದೆ. ಕೌಂಟರಿನ ಹುಡುಗಿ ನನ್ನ ದೊಡ್ಡ ಚೀಲ ತೂಗಿ, ಅದಕ್ಕೆ ಡಬ್ಲಿನ್ ತನಕದ ಪಟ್ಟಿ ಅಂಟಿಸಿ, ನಡುವೆ ಎಲ್ಲಿಯೂ ಇಳಿಸಿಕೊಳ್ಳಬೇಕಾಗಿಲ್ಲ ಎಂದಳು. ಎರಡು ವಿಮಾನಕ್ಕೆ ಎರಡು ಬೋರ್ಡಿಂಗ್ ಪಾಸ್ ಕೊಟ್ಟಳು. ಆಮೇಲೆ ಹಿಂದಿಯಲ್ಲಿ ಕೇಳಿದಳು, "ಅಮ್ಮಾ, ದೂರ ನಡೆಯೋದು ಮಾತ್ರ ಕಷ್ಟವಾ? ಮೆಟ್ಟಿಲು ಹತ್ತಿ ಇಳಿಯೋದಕ್ಕೆ ಆಗುತ್ತಾ?" ವೀಲ್‌ಚೇರಿನಲ್ಲೂ ತರಗತಿಗಳಿವೆಯಂತೆ. ದೂರ ನಡೆಯಲಾರದವರು ಒಂದು, ಮೆಟ್ಟಿಲನ್ನೂ ಹತ್ತಲಾರದವರು ಇನ್ನೊಂದು, ಸೀಟಿನ ತನಕ ಎತ್ತಿಕೊಂಡೇ ಹೋಗಬೇಕಾದವರು ಮತ್ತೊಂದು. ನಾನು ಮೊದಲ ತರಗತಿಗೂ ಲಾಯಕ್ಕಿರಲಿಲ್ಲ. ಆದರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಮೆಟ್ಟಿಲು ಹತ್ತುತ್ತೇನೆಂದರೆ ನನ್ನ ನಾಟಕ ಬಯಲಾದೀತೆಂದು ಹೆದರಿ, "ಮೆಟ್ಟಿಲಾ? ಅಯ್ಯೋ, ಸಾಧ್ಯವೇ ಇಲ್ಲ" ಎಂದುಬಿಟ್ಟೆ. ಅವಳು ಪಾಪ, ಹಾಗೆಯೇ ಒತ್ತಿಕೊಂಡಳು.

ಗಾಲಿಕುರ್ಚಿ ಬಂತು. ಅದರ ಹಿಂದೆ ಒಬ್ಬ ದಪ್ಪನೆಯ ಹೆಂಗಸು, ನೀಲಿ ಕೋಟು. ನನ್ನ ಮುಖ ನೋಡಿದವಳೇ, "ಟೀಚರ್! ಶಾಂತಾಬಾಯಿ ಟೀಚರ್ ಅಲ್ಲೇನ್ರಿ? ನಾನ್ರಿ, ಸಾವಿತ್ರಿ! ಬೇವಿನ ಗಿಡದ ಸಾವಿತ್ರಿ!" ಎಂದು ಚೀರಿದಳು.

ಅಯ್ಯೋ ನನ್ನ ಕರ್ಮವೇ! ಯಾದಗಿರಿ ಕಡೆಯಿಂದ ಮನೆ ಕಟ್ಟುವ ಕೂಲಿಗೆ ಬಂದವರ ಮಗಳು ಈ ಸಾವಿತ್ರಿ. ನನ್ನ ಇಡೀ ನೌಕರಿಯಲ್ಲಿ ಇವಳಷ್ಟು ಕಾಲುನೋವು ಯಾರಿಗೂ ಬಂದದ್ದಿಲ್ಲ. ಬೇವಿನ ಮರದ ಬುಡ ಇವಳು ಕೂತೂ ಕೂತೂ ನುಣ್ಣಗಾಗಿತ್ತು. ಈಗ ನೋಡಿದರೆ ಮುಂಜಾನೆಯಿಂದ ಸಂಜೆಯ ತನಕ ಈ ಊರುದ್ದದ ಕಟ್ಟಡದಲ್ಲಿ ಜನರನ್ನು ತಳ್ಳಿಕೊಂಡು ನಡೆಯುವ ಕೆಲಸ ಅವಳದು, ಕೂರಬೇಕಾದವಳು ನಾನು.

"ಏನಾತ್ರಿ ಟೀಚರ್ ಕಾಲಿಗೆ?"

"ಏನಿಲ್ಲವಾ, ವಯಸ್ಸಾತು" ಎಂದು ಕುರ್ಚಿಗೆ ಎರಡು ಹೆಜ್ಜೆ ಕುಂಟಿದೆ. ಸಾವಿತ್ರಿ ಕೆಳಗೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಟೀಚರ್, ಕೌಂಟರ್‌ಗೆ ಬರೂವಾಗ ದೂರದಿಂದ ನೋಡಿದ್ನ್ರಿ, ಬಲಗಾಲಿತ್ತಲ್ರೀ?" ಎಂದಳು.

ನಾನು ಎರಡೂ ಕಾಲುಗಳನ್ನು ನೋಡಿಕೊಂಡೆ. ಸಾವಿತ್ರಿ ಬಿದ್ದೂ ಬಿದ್ದೂ ನಕ್ಕಳು. "ಎದ್ದು ಒಂದ್ ರೌಂಡ್ ಹೊಡೀರಿ ಟೀಚರ್, ಎಲ್ಲಾ ಹೋಗ್ತೈತಿ!" ಎಂದು ತಳ್ಳುತ್ತ ಹೊರಟಳು. ಸಾಲಿನಲ್ಲಿ ಗಂಟುಮೂಟೆ ಹೊತ್ತು ನಿಂತವರೆಲ್ಲ ನಮಗೆ ದಾರಿ ಬಿಟ್ಟರು. ಇಮಿಗ್ರೇಷನ್ ಸಾಹೇಬರು ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಕೇಳಿ ಪಾಸ್‌ಪೋರ್ಟಿಗೆ ಠಪ್ಪನೆ ಮುದ್ರೆ ಒತ್ತಿದರು. ಸೆಕ್ಯುರಿಟಿಯಲ್ಲಿ ಹೆಂಗಸರ ಪರದೆಯೊಳಗೆ ಕೂತಲ್ಲಿಯೇ ತಪಾಸಣೆ ಮಾಡಿದರು. ಪೊಲೀಸಮ್ಮನ ಕೈಯಲ್ಲಿದ್ದ ಯಂತ್ರ ನನ್ನ ಕೊರಳ ಹತ್ತಿರ ಕೀಂ ಎಂದಿತು. ಸೆರಗಿನೊಳಗಿಂದ ಸೀಟಿ ತೆಗೆದು ತೋರಿಸಿದೆ. "ವೀಲ್‌ಚೇರಲ್ಲಿ ಕೂತವರಿಗೆ ಸೀಟಿ ಯಾಕಮ್ಮಾ, ಟ್ರಾಫಿಕ್ ಬಿಡಿಸೋಕಾ?" ಎಂದು ಆಕೆ ತೆಲುಗಿನಲ್ಲಿ ಕೇಳಿದಳು. ಸಾವಿತ್ರಿಗೆ ಮತ್ತೆ ನಗು. ಎಲ್ಲರಿಗಿಂತ ಮೊದಲು ನಮ್ಮನ್ನೇ ವಿಮಾನ ಹತ್ತಿಸಿದರು. ಬಾಗಿಲಲ್ಲಿ ಕುರ್ಚಿ ಬಿಟ್ಟು ಏಳುವಾಗ ಸಾವಿತ್ರಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, "ಕುಂಟೂದಾದ್ರ ಒಂದ ಕಾಲ್ ಹಿಡೀರಿ ಟೀಚರ್" ಎಂದು ಉಪದೇಶ ಮಾಡಿದಳು.

ಮೊದಲ ವಿಮಾನಯಾನದ ಬಗ್ಗೆ ಬರೆಯುವುದಕ್ಕೆ ಬಹಳವಿತ್ತು. ಆದರೆ ಏಳುವಾಗಲೂ ಇಳಿಯುವಾಗಲೂ ನಾನು ಕಣ್ಣು ಮುಚ್ಚಿದ್ದೆ, ಕಿವಿ ತಾವಾಗಿಯೇ ಮುಚ್ಚಿಕೊಂಡಿದ್ದವು. ಹಾಗಾಗಿ ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಬಲ್ಲೆ. ಗಲ್ಫಿನ ಆಕಾಶದಲ್ಲಿ ಇಳಿಯಲು ಜಾಗ ಸಿಗದೆ ನಮ್ಮ ವಿಮಾನ ಸುತ್ತು ಹಾಕಿತು. ಇಳಿದ ಮೇಲೆ ಕಟ್ಟಡದ ಹತ್ತಿರ ನಿಲ್ಲದೆ ದೂರದ ಬಯಲಿನಲ್ಲಿ ನಿಂತಿತು. ಜನ ಮೆಟ್ಟಿಲಿಳಿದು ಬಸ್ಸು ಹತ್ತಿದರು. ನಾನೂ ಎದ್ದೆ. ಗಗನಸಖಿ ನನ್ನ ಭುಜ ಒತ್ತಿ ಕೂರಿಸಿದಳು. ಆಗ ಗೊತ್ತಾಯಿತು ಮೇಘನಾ ಹೇಳದೆ ಉಳಿಸಿದ ಮಾತು: ವೀಲ್‌ಚೇರಿನವರು ಹತ್ತುವಾಗ ಎಲ್ಲರಿಗಿಂತ ಮೊದಲು, ಇಳಿಯುವಾಗ ಎಲ್ಲರಿಗಿಂತ ಕೊನೆ. ಅದರಲ್ಲೂ ಮೆಟ್ಟಿಲು ಆಗದವರಿಗೆ ಬೇರೆಯೇ ಲಾರಿ ಬರಬೇಕು. ಅದರ ಮೇಲಿನ ಕೋಣೆಯಂಥ ಪೆಟ್ಟಿಗೆ ಮೇಲಕ್ಕೆದ್ದು ವಿಮಾನದ ಬಾಗಿಲಿಗೆ ಅಂಟಿಕೊಳ್ಳುತ್ತದೆ. ನಾವು ಅದರೊಳಗೆ ಹೋದರೆ ಅದು ನಮ್ಮನ್ನು ನಿಧಾನವಾಗಿ ಕೆಳಗಿಳಿಸುತ್ತದೆ. ಅದು ಬೇರೆ ವಿಮಾನದ ಹತ್ತಿರ ಇತ್ತು. ಖಾಲಿ ವಿಮಾನದಲ್ಲಿ ಕಸ ಗುಡಿಸುವವರ ನಡುವೆ ಕೂತು ಬಾಗಿಲಾಚೆ ಆ ಮೆಟ್ಟಿಲುಗಳನ್ನೇ ನೋಡಿದೆ. ಶಾಲೆಯ ಗ್ಯಾಲರಿ ಮೆಟ್ಟಿಲಿನಷ್ಟೂ ಇರಲಿಲ್ಲ. ಎರಡೆರಡು ಹಾರಿ ಇಳಿಯಬಹುದಿತ್ತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಕಟ್ಟಡದೊಳಗೆ ದೊಡ್ಡ ಬೋರ್ಡಿನಲ್ಲಿ ಡಬ್ಲಿನ್ ಎದುರು ಗೇಟಿನ ನಂಬರು ಕಂಡಿತು, ಗಟ್ಟಿ ಮಾಡಿಕೊಂಡೆ. ಮತ್ತೊಮ್ಮೆ ಸೆಕ್ಯುರಿಟಿ, ಮತ್ತೊಮ್ಮೆ ಸೀಟಿ, ಮತ್ತೊಮ್ಮೆ ಕೀಂ. ಆಮೇಲೆ ನನ್ನನ್ನು ಒಂದು ಅಂಗಳದಂಥ ಜಾಗಕ್ಕೆ ತಂದು ಬಿಟ್ಟರು. ಅಲ್ಲಿ ನಮ್ಮ ದೇಶದ ಅಪ್ಪ-ಅಮ್ಮಂದಿರೆಲ್ಲ ಸಾಲಾಗಿ ಕೂತಿದ್ದರು. ಒಬ್ಬರ ಕಾಲಲ್ಲೂ ಬ್ಯಾಂಡೇಜಿಲ್ಲ. ಯಾರಿಗಾದರೂ ಚಹಾ ಬೇಕಾದರೆ ಚಟಕ್ಕನೆ ಎದ್ದುಹೋಗಿ ತಂದು, ಮತ್ತೆ ಕೂತು ಮುಖ ಬಾಡಿಸಿಕೊಳ್ಳುತ್ತಿದ್ದರು. ಬೇವಿನ ಮರದ ಬುಡವೇ ಸೈ. ಸಿಬ್ಬಂದಿಯವರು ಒಬ್ಬೊಬ್ಬರ ಹೆಸರು ಕೂಗಿ ಅವರವರ ಗೇಟಿಗೆ ತಳ್ಳಿಕೊಂಡು ಹೋಗುತ್ತಿದ್ದರು. ಟೊರಾಂಟೊ ಹೋಯಿತು, ಮ್ಯಾಂಚೆಸ್ಟರ್ ಹೋಯಿತು. ನನ್ನ ಹೆಸರಿಲ್ಲ. ಮೇಜಿನವನಿಗೆ ಬೋರ್ಡಿಂಗ್ ಪಾಸ್ ತೋರಿಸಿದೆ. "ಆಂಟೀಜೀ, ಬೈಠಿಯೇ. ನೀವು ಇಲ್ಲಿರೋದು ಗೇಟಿನವರಿಗೆ ಗೊತ್ತು" ಎಂದ. ಕೂತೆ. ಪಕ್ಕದ ಗುಂಟೂರಿನ ಹೆಂಗಸು ಬೋರ್ಡು ನೋಡಿ, "ಡಬ್ಲಿನ್ ಕೆಂಪಗಾಯ್ತಲ್ಲ, ಕೊನೇ ಕರೆ ಅಂತಾನೆ" ಎಂದು ತೆಲುಗಿನಲ್ಲಿ ತಣ್ಣಗೆ ಹೇಳಿದಳು.

ಟೀಚರ್ ಕೈ ಹಿಡಿದು ನಿಂತ ಗೌರಿ ಕಣ್ಮುಂದೆ ಬಂದಳು. ಇನ್ನು ಕೂರುವವರು ಕೂರಲಿ. ಕೈಚೀಲ ಹೆಗಲಿಗೇರಿಸಿ, ಸೆರಗು ಸಿಕ್ಕಿಸಿ, ಎದ್ದು ಓಡಿದೆ! ಹಿಂದೆ ಆ ಹೆಂಗಸು "ಅಮ್ಮೋ, ಕಾಲು ಬಂತು!" ಎಂದು ಕೂಗಿದ್ದು ಕೇಳಿಸಿತು. ಅತ್ತರಿನ ಅಂಗಡಿ, ಚಾಕೊಲೇಟಿನ ಅಂಗಡಿ, ಬಂಗಾರದ ಅಂಗಡಿ ಎಲ್ಲ ಹಿಂದೆ ಬಿದ್ದವು. ಅರವತ್ತು ದಾಟಿದ ಮೇಲೆ ಅಷ್ಟು ಚೆನ್ನಾಗಿ ನಾನು ಓಡಿದ್ದಿಲ್ಲ, ಸತ್ಯವಾಗಿ ಸಂತೋಷವಾಯಿತು. ಮೊದಲೇ ಗಟ್ಟಿ ಮಾಡಿಕೊಂಡಿದ್ದ ಗೇಟು ಸಿಕ್ಕಿತು, ಸಾಲೂ ಇತ್ತು, ನನ್ನ ಸರದಿಯೂ ಬಂತು. ಬೋರ್ಡಿಂಗ್ ಪಾಸ್ ಉಜ್ಜಿದರೆ ಯಂತ್ರ ಕೆಂಪು ದೀಪ ತೋರಿಸಿತು. ಅದು ನೈರೋಬಿಗೆ ಹೋಗುವ ವಿಮಾನ! ಡಬ್ಲಿನ್ನಿನ ಗೇಟು ಆಗಲೇ ಬದಲಾಗಿತ್ತಂತೆ. ಬೋರ್ಡನ್ನು ಹೊರಡುವ ತನಕ ನೋಡುತ್ತಲೇ ಇರಬೇಕಂತೆ, ನಾನು ಪಾಠದ ಹಾಗೆ ಒಂದು ಸಲ ಬಾಯಿಪಾಠ ಮಾಡಿ ಬಿಟ್ಟಿದ್ದೆ. ಹೊಸ ಗೇಟು ಕಟ್ಟಡದ ಇನ್ನೊಂದು ತುದಿಯಲ್ಲಿ. ಬಂದ ದಾರಿಯಲ್ಲೇ ತಿರುಗಿ ಓಡಿದೆ. ನೆಲವೇ ನಡೆಯುವ ಉದ್ದನೆಯ ಪಟ್ಟಿಯೊಂದು ಇರುತ್ತದಲ್ಲ, ಅದರ ಮೇಲೆ ಓಡಿದರೆ ಎರಡರಷ್ಟು ವೇಗ ಎಂದು ಪಿ.ಟಿ. ಬುದ್ಧಿ ಹೇಳಿತು. ಹೇಳಿದ್ದು ಸರಿಯೇ. ಆದರೆ ಪಟ್ಟಿ ಮುಗಿಯುವಲ್ಲಿ ನೆಲ ನಿಂತಿರುತ್ತದೆ, ನಾವು ನಿಂತಿರುವುದಿಲ್ಲ. ಬಲಗಾಲು ಹೊರಳಿತು. ಕಣ್ಣಲ್ಲಿ ನಕ್ಷತ್ರ ಕಂಡವು.

ಕುಂಟುತ್ತ, ಗೋಡೆ ಹಿಡಿಯುತ್ತ ಸರಿಯಾದ ಗೇಟಿಗೆ ಬಂದರೆ, ಬಾಗಿಲ ಎದುರು ಒಂದು ಖಾಲಿ ಗಾಲಿಕುರ್ಚಿ ನಿಂತಿತ್ತು. ಅದರ ಕೈಗೆ ಕಟ್ಟಿದ ಚೀಟಿಯಲ್ಲಿ ನನ್ನ ಹೆಸರು. ಪಕ್ಕದಲ್ಲಿ ಕೈಯಲ್ಲಿ ವಾಕಿಟಾಕಿ ಹಿಡಿದ ನಡುವಯಸ್ಸಿನ ಮಲಯಾಳಿ, ಬೆವರು ಸುರಿಸುತ್ತ. "ಅಮ್ಮಾ! ಎಲ್ಲಿ ಹೋಗಿದ್ರಿ?" ಎಂದು ಹಿಂದಿಯಲ್ಲಿ ಅಳುವುದೊಂದು ಬಾಕಿ. ನಾನು ಎದ್ದು ಓಡಿದ ಮರುಕ್ಷಣವೇ ನನ್ನನ್ನು ಕರೆಯಲು ಬಂದಿದ್ದನಂತೆ. ಖಾಲಿ ಕುರ್ಚಿ ಕಂಡು ಹೆಂಗಸರ ಶೌಚಾಲಯಕ್ಕೆಲ್ಲ ಆಳು ಕಳಿಸಿ ಹುಡುಕಿಸಿ, ಕೊನೆಗೆ ಗಾಡಿಯಲ್ಲಿ ಕುರ್ಚಿ ಹೇರಿಕೊಂಡು ಬಂದಿದ್ದ. ವಿಮಾನ ನಿಂತಿದ್ದೂ ನನ್ನ ಓಟಕ್ಕಲ್ಲ. ನನ್ನ ದೊಡ್ಡ ಚೀಲ ಆಗಲೇ ಅದರ ಹೊಟ್ಟೆ ಸೇರಿತ್ತು. ಚೀಲದವರು ಹತ್ತದಿದ್ದರೆ ಚೀಲವೂ ಹೋಗುವಂತಿಲ್ಲ, ಹುಡುಕಿ ಕೆಳಗಿಳಿಸಬೇಕು. ಅದನ್ನು ಇಳಿಸುವುದಕ್ಕಿಂತ ಮುದುಕಿಯನ್ನು ಹುಡುಕುವುದೇ ಬೇಗ ಎಂದು ಕಾದಿದ್ದರು. ಸಜ್ಜಿ ರೊಟ್ಟಿ ನನ್ನ ಮಾನ ಉಳಿಸಿತು. ಒಟ್ಟಿನಲ್ಲಿ ಆ ಓಟದಲ್ಲಿ ಕುರ್ಚಿ ಫಸ್ಟ್, ನಾನು ಸೆಕೆಂಡ್. ಸ್ಪರ್ಧೆಯಲ್ಲಿ ಇದ್ದವರೂ ಇಬ್ಬರೇ. ಹೋಗಿ ಕುರ್ಚಿಯಲ್ಲಿ ಕೂತೆ. ಈಗ ಅದು ನನಗೆ ನಿಜವಾಗಿಯೂ ಬೇಕಾಗಿತ್ತು.

ಡಬ್ಲಿನ್ನಿನಲ್ಲಿ ಪಾಸ್‌ಪೋರ್ಟ್ ನೋಡಿದ ಕೆಂಪು ಗಡ್ಡದ ಅಧಿಕಾರಿ ಯಾರ ಮನೆಗೆ, ಎಷ್ಟು ದಿನಕ್ಕೆ, ತಿರುಗಿ ಹೋಗುವ ಟಿಕೆಟ್ ಇದೆಯೇ ಎಂದು ಕೇಳಿದ. ಸುಜಾತಾ ಬರೆದು ಕಳಿಸಿದ ಪತ್ರ, ಟಿಕೆಟ್ ಮುಂದಿಟ್ಟು, "ಡಾಟರ್. ಗ್ರ್ಯಾಂಡ್ ಡಾಟರ್. ಸ್ಪೋರ್ಟ್ಸ್ ಡೇ" ಎಂದೆ. ಅವನು ಬಾತುಕೊಂಡ ನನ್ನ ಕಾಲು ನೋಡಿ ನಕ್ಕು ಏನೋ ಹಾರೈಸಿದ. ಹೊರಗೆ ಗೌರಿ ನಿಂತಿದ್ದಳು. ಎರಡು ಜಡೆ, ಮುಂದಿನ ಹಲ್ಲಿಲ್ಲ. ಓಡಿ ಬಂದವಳು ಕುರ್ಚಿ ಕಂಡು ಗಕ್ಕನೆ ನಿಂತು ಅವ್ವನ ಕಡೆ ತಿರುಗಿ, "ಅವ್ವಾ, ಅಜ್ಜಿ ಮುರದಾಳೇನು?" ಎಂದಳು.

"ಮುರದಿಲ್ಲ, ಉಳುಕೇತಿ" ಎಂದಳು ಸುಜಾತಾ, ಕಾಲನ್ನು ಅಲ್ಲಿಯೇ ಹಿಡಿದು ನೋಡುತ್ತ, ನಡೆದದ್ದನ್ನೆಲ್ಲ ನನ್ನ ಬಾಯಿಂದ ಕೇಳಿಕೊಂಡು. "ಅಲ್ಲವ್ವಾ, ಕಾಲು ನೋಯಬಾರದಂತ ಕುರ್ಚಿ ಮಾಡಿಸಿದ್ರ, ಕುರ್ಚಿ ಬಿಟ್ಟು ಎದ್ದು ಕಾಲು ನೋಯಿಸ್ಕೊಂಡು ಬಂದೀಯಲ್ಲ! ನಿನಗೇನಂತ ಹೇಳಲಿ?" ಮನೆಗೆ ಹೋದ ಕೂಡಲೇ ಬ್ಯಾಂಡೇಜು ಬಿಗಿಯಾಗಿಯೇ ಕಟ್ಟಿದಳು. ಐಸ್ ಇಡು, ಕಾಲು ದಿಂಬಿನ ಮೇಲಿಡು, ನೆಲಕ್ಕೆ ಭಾರ ಬಿಡಬೇಡ ಎಂದಳು. ಅಡುಗೆಮನೆಯಲ್ಲಿ ಗೌರಿ ಏನನ್ನೂ ತಿನ್ನದೆ ಕೂತಿದ್ದಳು. ನನಗೆ ಅಳು ಬಂತು. ಇಷ್ಟು ದೂರ ಹಾರಿ ಬಂದು ಕೂಸಿನ ಬಾಯಿಗೆ ಮಣ್ಣು ಹಾಕಿದೆನಲ್ಲ ಎನಿಸಿತು.

ಮರುದಿನ ಬಿಸಿಲಿತ್ತು. ಮೈದಾನದ ಅಂಚಿನಲ್ಲಿ ಒಂದು ಮರ, ಮರದ ಕೆಳಗೆ ಒಂದು ಕುರ್ಚಿ, ಕುರ್ಚಿಯಲ್ಲಿ ನಾನು. ಅಜ್ಜಿಯರ ಓಟವೆಂದರೆ ಚಮಚದ ಮೇಲೆ ಆಲೂಗಡ್ಡೆ ಇಟ್ಟುಕೊಂಡು ಓಡುವುದು. ಅಯ್ಯೋ, ನಮ್ಮ ನಿಂಬೆಹಣ್ಣಿನ ಆಟವೇ! ನಾನು ಎಷ್ಟು ಮಕ್ಕಳಿಗೆ ಕಲಿಸಿಲ್ಲ! ಬಿಳಿಕೂದಲಿನ ಅಜ್ಜಿಯರು ಗೆರೆಗೆ ಬಂದು ನಿಂತರು. ಒಂದು ಜಾಗ ಖಾಲಿಯಿತ್ತು. ಗೌರಿಯ ಚಿಕ್ಕ ವಯಸ್ಸಿನ ಟೀಚರ್ ನನ್ನ ಹತ್ತಿರ ಬಂದು ಕಾಲಿಗೇನಾಯಿತು ಎಂದು ಮೃದುವಾಗಿ ಕೇಳಿದಳು. ನಾನು "ಲೆಗ್ ಪೇನ್, ಟೀಚರ್" ಎಂದೆ. ಆಕೆ ಪಾಪ, ಯಾವ ಕಾಲು ಎಂದು ಕೇಳಲಿಲ್ಲ. ಅಷ್ಟರಲ್ಲಿ ಗೌರಿ ಮೈದಾನದಿಂದ ದುಡುದುಡು ಓಡಿ ಬಂದು, ಸೊಂಟದ ಮೇಲೆ ಕೈಯಿಟ್ಟು, ಎದುರು ನಿಂತಳು.

"ಅಜ್ಜಿ, ಎದ್ದು ಒಂದ್ ರೌಂಡ್ ಹೊಡಿ. ಎಲ್ಲಾ ಹೋಗ್ತೈತಿ!"

ನಾನು ಸುಜಾತಾಳನ್ನು ನೋಡಿದೆ. ಅವಳು ಆಕಾಶ ನೋಡಿದಳು. ಜ್ವರ ಬಂದಾಗ ಅಪ್ಪನ ಹತ್ತಿರ ಓಡುತ್ತಿದ್ದವಳು, ಈ ಔಷಧವನ್ನು ಮಾತ್ರ ಸಮುದ್ರ ದಾಟಿಸಿಕೊಂಡು ಬಂದಿದ್ದಾಳೆ! ಇನ್ನೇನು ಮಾಡಲಿ? ಎದ್ದೆ. ಚಮಚ ಹಿಡಿದೆ. ಸೀಟಿ ಊದಿದರು. ಉಳಿದವರು ಗುರಿ ಮುಟ್ಟಿ ಚಹಾ ಕುಡಿಯತೊಡಗಿದಾಗ ನಾನು ಅರ್ಧ ದಾರಿಯಲ್ಲಿದ್ದೆ, ಒಂದೊಂದು ಹೆಜ್ಜೆಗೂ ಹೆತ್ತವ್ವನನ್ನು ನೆನೆಯುತ್ತ. ಗೌರಿ ಪಕ್ಕದಲ್ಲೇ ಹಿಮ್ಮುಖವಾಗಿ ನಡೆಯುತ್ತ "ಬಾ ಅಜ್ಜಿ, ಬಾ ಅಜ್ಜಿ" ಎಂದು ಹೊಸ ಸೀಟಿ ಊದುತ್ತಿದ್ದಳು. ಎಲ್ಲರಿಗಿಂತ ಕೊನೆಗೆ ಬಂದೆ, ಆಲೂಗಡ್ಡೆ ಮಾತ್ರ ಬೀಳಲಿಲ್ಲ. ಗೌರಿ ಅದನ್ನು ಕಿತ್ತುಕೊಂಡು ಗೆಳತಿಯರಿಗೆಲ್ಲ ತೋರಿಸಿದಳು. ಮುರಿದ ಕಾಲಿನಲ್ಲಿ ಓಡಿದ್ದಾಳೆ ನಮ್ಮಜ್ಜಿ, ನಿಮ್ಮ ಅಜ್ಜಿಯರಿಗೆ ಧೈರ್ಯವಿದ್ದರೆ ಓಡಿ ತೋರಿಸಲಿ ಎಂದಳಂತೆ. ನನ್ನ ಕಣ್ಣಲ್ಲಿ ನೀರು ಬಂತು, ಅರ್ಧ ಸಂತೋಷಕ್ಕೆ, ಅರ್ಧ ನೋವಿಗೆ. ಏಕೆಂದರೆ ಒಂದು ರೌಂಡ್ ಹೊಡೆದರೆ ಏನೂ ಹೋಗುವುದಿಲ್ಲ, ಇದ್ದದ್ದು ಎರಡರಷ್ಟಾಗುತ್ತದೆ. ಇಷ್ಟು ವರ್ಷ ಎಲ್ಲರಿಗೂ ಕುಡಿಸಿದ ಔಷಧದ ರುಚಿ ನನಗೆ ಗೊತ್ತಾದದ್ದು ಅಂದೇ.

ಈಗ ಕಾಲು ಪೂರ್ತಿ ವಾಸಿಯಾಗಿದೆ. ಸಂಜೆ ಗೌರಿಯ ಜೊತೆ ಪಾರ್ಕಿನಲ್ಲಿ ಓಡುತ್ತೇನೆ, ಬೇಕೆಂದೇ ಸೋಲುತ್ತೇನೆ. ಮುಂದಿನ ವಾರ ಹೈದರಾಬಾದಿಗೆ ಹೊರಡಬೇಕು. ನಿನ್ನೆ ಸುಜಾತಾ, "ಅವ್ವಾ, ಈ ಸಲ ವೀಲ್‌ಚೇರ್ ಬ್ಯಾಡಲ್ಲಾ?" ಎಂದಳು. ಆ ಗಲ್ಫಿನ ಬೋರ್ಡು, ಬದಲಾಗುವ ಗೇಟು, ನಡೆಯುವ ನೆಲ ಎಲ್ಲ ನೆನಪಾಗಿ, "ಇರಲಿ, ಹಾಕಿಸಿಬಿಡು" ಎಂದೆ. ಆದರೆ ಶಂಶಾಬಾದಿನಲ್ಲಿ ವಿಮಾನದ ಬಾಗಿಲಿಗೆ ಕುರ್ಚಿ ಹಿಡಿದುಕೊಂಡು ಸಾವಿತ್ರಿಯೇ ನಿಂತಿದ್ದರೆ ಗತಿಯೇನು? ಅದಕ್ಕೇ ದಿನಾ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಕುಂಟುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಚೆನ್ನಾಗಿಯೇ ಬರುತ್ತಿದೆ. ಬಲಗಾಲೋ ಎಡಗಾಲೋ ಎಂಬುದೊಂದನ್ನು ಮಾತ್ರ ಇನ್ನೂ ನಿರ್ಧರಿಸಿಲ್ಲ.